ಸೇರು, ಪಾವು, ಒಂದು ಹಿಡಿ: ಅಜ್ಜಿಯ ಚೀಟಿಯಿಂದ ಅಡುಗೆಯ ಕ್ರಮಕ್ಕೆ

ನಮ್ಮ ಅಜ್ಜಿಯ ನೋಟ್‌ಬುಕ್ಕಿನಲ್ಲಿ ಸಾರಿನ ಪುಡಿಗೆ ಸಿಕ್ಕಿರುವ ಜಾಗ ಅರ್ಧ ಪುಟ. ಅಲ್ಲಿರುವುದಿಷ್ಟು: “ಧನಿಯ ೧ ಪಾ, ಮೆ.ಕಾಯಿ । ಸೇ, ಜೀರಿಗೆ । ಪಾ, ಮೆಣಸು ೩ ಚ, ಮೆಂತ್ಯ ೧ ಚ, ಸಾಸಿವೆ ೧ ಚ, ಇಂಗು ಕಡಲೆ ಗಾತ್ರ, ಕರಿಬೇವು ಹಿಡಿ. ಎಲ್ಲಾ ಹುರಿದು ಕುಟ್ಟಿ ಜರಡಿ.” ಮಾಡುವ ಕ್ರಮ ಅಜ್ಜಿಯ ಕೈಗೇ ಗೊತ್ತಿತ್ತು, ಮರೆತುಹೋಗಬಹುದಾದ ಅಳತೆಯನ್ನಷ್ಟೇ ಬರೆದಿಟ್ಟರು. ಇದನ್ನು ಹೊಸಬರೂ ಮಾಡಬಲ್ಲಂತೆ ಹಂತ ಹಂತವಾಗಿ ಬರೆಯಬೇಕು, ಆದರೆ ಅಳತೆ ಕೂದಲೆಳೆಯಷ್ಟೂ ಬದಲಾಗಬಾರದು. ನೋಡಲು ಸುಲಭದ ಕೆಲಸ. ತೊಡಕಿರುವುದು ಆ ಪುಟ್ಟ ಅಕ್ಷರಗಳಲ್ಲಿ.

ಮೊದಲು ಮಾಡಬೇಕಾದದ್ದು ನಕಲು. ಏನನ್ನೂ ತಿದ್ದದೆ, ಬಿಡಿಸದೆ, ಇದ್ದದ್ದನ್ನು ಇದ್ದಂತೆಯೇ ಇನ್ನೊಂದು ಹಾಳೆಗೆ ಇಳಿಸಿಕೊಳ್ಳಬೇಕು. ಅರ್ಥ ಮಾಡಿಕೊಳ್ಳುತ್ತಲೇ ನಕಲು ಮಾಡಿದರೆ ನಮ್ಮ ಊಹೆ ಯಾವುದು, ಅಜ್ಜಿಯ ಮಾತು ಯಾವುದು ಎಂಬುದು ಆಮೇಲೆ ಗೊತ್ತಾಗುವುದಿಲ್ಲ. ಹಳೆಯ ಬರಹದಲ್ಲಿ ಅಂಕಿಗಳನ್ನು ನಿಧಾನವಾಗಿ ನೋಡಬೇಕು. ಹಿಂದಿನ ಲೆಕ್ಕದ ಪದ್ಧತಿಯಲ್ಲಿ ಒಂದು ನಿಂತ ಗೆರೆ ಎಂದರೆ ಕಾಲು, ಎರಡು ಗೆರೆ ಎಂದರೆ ಅರ್ಧ, ಮೂರು ಎಂದರೆ ಮುಕ್ಕಾಲು. ‘೧॥’ ಎಂದಿದ್ದರೆ ಅದು ಒಂದೂವರೆ. ಇದು ಗೊತ್ತಿಲ್ಲದವರು ‘। ಸೇ’ ಎಂಬುದನ್ನು ಒಂದು ಸೇರು ಎಂದು ಓದಿದರೆ ಮೆಣಸಿನಕಾಯಿ ನಾಲ್ಕು ಪಟ್ಟಾಗುತ್ತದೆ. ‘ಮೆ’ ಎಂಬ ಒಂಟಿ ಅಕ್ಷರವೂ ಅಷ್ಟೇ ಅಪಾಯದ್ದು. ಮೆಣಸು, ಮೆಣಸಿನಕಾಯಿ, ಮೆಂತ್ಯ ಮೂರೂ ಅದರಿಂದಲೇ ಶುರುವಾಗುತ್ತವೆ.

ನಿಜವಾದ ಒಗಟು ಸೇರಿನದು. ಹಳೇ ಮೈಸೂರು ಸೀಮೆಯಲ್ಲಿ ಅಳೆಯುವ ಸೇರು ಬೇರೆ, ತೂಗುವ ಸೇರು ಬೇರೆ. ಅಳೆಯುವ ಸೇರಿಗೆ ನಾಲ್ಕು ಪಾವು. ತೂಗುವ ಸೇರಿನಲ್ಲಿ ಮತ್ತೆ ಎರಡು ಬಗೆ: ಕಚ್ಚಾ ಸೇರಿಗೆ 24 ತೊಲ, ಪಕ್ಕಾ ಸೇರಿಗೆ 80 ತೊಲ. ಒಂದು ತೊಲವೆಂದರೆ ಸುಮಾರು 11.66 ಗ್ರಾಂ. 1956ರ ಕಾಯ್ದೆಯ ನಂತರ ಮೆಟ್ರಿಕ್ ಅಳತೆ ಬಂತಾದರೂ ಅಡುಗೆಮನೆಯ ಮಾತಿನಲ್ಲಿ ಸೇರು, ಪಾವು ಬಹಳ ಕಾಲ ಉಳಿದವು. ಮೆಣಸಿನಕಾಯಿಯನ್ನು ತೂಗಿಯೇ ಕೊಳ್ಳುವುದರಿಂದ ಇಲ್ಲಿನ ಸೇರು ತೂಕದ್ದು ಎನ್ನಬಹುದು. ಆದರೆ ಯಾವ ಸೇರು? ಕಚ್ಚಾ ಸೇರಿನ ಕಾಲು ಭಾಗ 70 ಗ್ರಾಂ. ಪಕ್ಕಾ ಸೇರಿನ ಕಾಲು ಭಾಗ 233 ಗ್ರಾಂ.

ಇದಕ್ಕೆ ಉತ್ತರ ಅದೇ ಪಟ್ಟಿಯಲ್ಲಿದೆ. ಮನೆಯ ಹಿತ್ತಾಳೆ ಪಾವನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ನೀರು ತುಂಬಿಸಿ ನೋಡಿದರೆ ಸುಮಾರು 240 ಗ್ರಾಂ ಬರುತ್ತದೆ. ನೀರಿನ ಒಂದು ಗ್ರಾಂ ಒಂದು ಮಿಲಿಲೀಟರಿಗೆ ಸಮ. ಧನಿಯ ಬಲು ಹಗುರ, ಅಷ್ಟು ದೊಡ್ಡ ಪಾವು ತುಂಬಿದರೂ ತೂಗುವುದು 80 ಗ್ರಾಂ ಆಸುಪಾಸು. ಬ್ಯಾಡಗಿ ಮೆಣಸಿನಕಾಯಿ ಹಾಕುವ ಸಾರಿನ ಪುಡಿಯಲ್ಲಿ ಧನಿಯ, ಮೆಣಸಿನಕಾಯಿ ತೂಕದಲ್ಲಿ ಹೆಚ್ಚುಕಡಿಮೆ ಸರಿಸಮ ಇರುವುದು ರೂಢಿ. 80ಕ್ಕೆ 70 ಸರಿಯಾಗಿ ಹೊಂದುತ್ತದೆ. 80ಕ್ಕೆ 233 ಹಾಕಿದರೆ ಅದು ಸಾರಿನ ಪುಡಿಯಲ್ಲ, ಬರೀ ಖಾರದ ಪುಡಿ. ಹಾಗಾಗಿ ಅಜ್ಜಿಯದು ಕಚ್ಚಾ ಸೇರು.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಪಟ್ಟಿಯಲ್ಲಿ ಎಲ್ಲವೂ ಪಾವಿನಲ್ಲೇ ಇದ್ದಿದ್ದರೆ ಪಾವು ಎಷ್ಟು ದೊಡ್ಡದೆಂಬ ಚಿಂತೆ ಬೇಡ. ಯಾವ ಲೋಟದಿಂದ ಅಳೆದರೂ ಪ್ರಮಾಣ ಅದೇ ಉಳಿಯುತ್ತದೆ. ಒಂದನ್ನು ಅಳೆದು ಇನ್ನೊಂದನ್ನು ತೂಗಿದಾಗ ಪಾವಿನ ಗಾತ್ರಕ್ಕೆ ಬೆಲೆ ಬರುತ್ತದೆ. ರಾಶಿ ಏರುವಂತೆ ತುಂಬಬೇಕೋ, ಮೇಲೆ ಕೈಯಾಡಿಸಿ ಸಮ ಮಾಡಬೇಕೋ ಎಂಬುದಕ್ಕೂ ಬೆಲೆ ಬರುತ್ತದೆ.

‘ಚ’ ಎಂದರೆ ಚಟಾಕೋ, ಚಮಚವೋ? ಅಳೆಯುವ ಚಟಾಕು ಅರ್ಧ ಪಾವು. ಒಂದು ಪಾವು ಧನಿಯಕ್ಕೆ ಅರ್ಧ ಪಾವು ಮೆಂತ್ಯ ಹಾಕಿದ ಪುಡಿಯನ್ನು ಯಾರೂ ಬಾಯಿಗಿಡಲಾರರು, ಅಷ್ಟು ಕಹಿ. ಮೆಂತ್ಯದ ‘ಚ’ ಚಮಚವೇ ಆಗಿರಬೇಕು. ಅದೇ ಸಾಲಿನಲ್ಲಿರುವ ಮೆಣಸು, ಸಾಸಿವೆಯದೂ ಅದೇ.

ಅಳತೆ ಬಿಡಿಸಿದ ಮೇಲೆ ಕ್ರಮ. “ಎಲ್ಲಾ ಹುರಿದು” ಎಂಬ ಎರಡು ಮಾತಿನಲ್ಲಿ ಅಡಗಿರುವುದನ್ನು ಹೊರತೆಗೆಯಲು ಅಜ್ಜಿಯ ಜೊತೆ ನಿಂತು ಮಾಡಿದವರು ಬೇಕು. ನಮ್ಮ ಸೋದರತ್ತೆ ಇದ್ದಾರೆ. ಹಿರಿಯರನ್ನು ಕೂರಿಸಿ “ಎಷ್ಟು ಹೊತ್ತು ಹುರಿಯಬೇಕು?” ಎಂದು ಕೇಳಿದರೆ “ಹದ ನೋಡ್ಕೊಂಡು” ಎನ್ನುತ್ತಾರೆ, ಅದು ಸರಿಯಾದ ಉತ್ತರವೂ ಹೌದು. ಒಲೆಯ ಮುಂದೆ ನಿಲ್ಲಿಸಿದರೆ ಮಾತು ತಾನಾಗಿ ಬರುತ್ತದೆ. “ಮೆಂತ್ಯ ಕೆಂಪಗಾಯ್ತಲ್ಲ, ಈಗ್ಲೇ ಇಳಿಸಬೇಕು ಕಣೇ, ಕಪ್ಪಾದ್ರೆ ಇಡೀ ಪುಡಿ ಕಹಿ,” ಎಂದರು ಅತ್ತೆ. ಬರೆದುಕೊಳ್ಳಬೇಕಾದ ಹದ ಅದು. ನಿಮಿಷ ಬರೆದರೆ ಒಲೆ ಬದಲಾದಂತೆ ಸುಳ್ಳಾಗುತ್ತದೆ. ಬಣ್ಣ, ಸದ್ದು, ಘಮ ಸುಳ್ಳಾಗುವುದಿಲ್ಲ. ಕರಿಬೇವಿನ ‘ಹಿಡಿ’ಯನ್ನು ಅವರ ಕೈಯಿಂದಲೇ ತೆಗೆಸಿ, ಬಾಣಲೆಗೆ ಬೀಳುವ ಮೊದಲು ತೂಗಿಟ್ಟುಕೊಂಡೆ. ಮೆಣಸಿನಕಾಯಿಯನ್ನು ತೊಟ್ಟು ಸಹಿತ ತೂಗಿ ಆಮೇಲೆ ತೊಟ್ಟು ಮುರಿಯುವುದು ಎಂಬುದೂ ಆಗಲೇ ತಿಳಿದದ್ದು.

ಬರೆದ ಕ್ರಮ ಹೀಗಿದೆ. ಅಳತೆ ಅಜ್ಜಿಯದೇ, ತೂಕ ಪಕ್ಕದಲ್ಲಿ ನಿಂತ ಟಿಪ್ಪಣಿ ಮಾತ್ರ. ನಕ್ಷತ್ರ ಹಾಕಿದ್ದು ನೋಟ್‌ಬುಕ್ಕಿನಲ್ಲಿಲ್ಲ, ಅತ್ತೆ ಹೇಳಿದ್ದು.

1. ಧನಿಯ 1 ಪಾವು (ಸಮ ಮಾಡಿ*, ಸುಮಾರು 80 ಗ್ರಾಂ), ಮೆಣಸಿನಕಾಯಿ ಕಾಲು ಕಚ್ಚಾ ಸೇರು (70 ಗ್ರಾಂ, ತೊಟ್ಟು ಸಹಿತ*), ಜೀರಿಗೆ ಕಾಲು ಪಾವು, ಮೆಣಸು 3 ಚಮಚ, ಮೆಂತ್ಯ 1 ಚಮಚ, ಸಾಸಿವೆ 1 ಚಮಚ, ಕಡಲೆ ಗಾತ್ರದ ಗಟ್ಟಿ ಇಂಗು, ಒಂದು ಹಿಡಿ ಕರಿಬೇವು. ಎಲ್ಲವನ್ನೂ ಬೇರೆ ಬೇರೆ ತಟ್ಟೆಯಲ್ಲಿಡಿ.
2. ದಪ್ಪ ತಳದ ಬಾಣಲೆ, ಸಣ್ಣ ಉರಿ. ಎಣ್ಣೆಯಿಲ್ಲದೆ ಮೆಂತ್ಯವನ್ನು ಕೆಂಪಗಾಗುವವರೆಗೆ ಹುರಿದು ತೆಗೆಯಿರಿ.*
3. ಸಾಸಿವೆ ಸಿಡಿದು ನಿಲ್ಲುವವರೆಗೆ, ಮೆಣಸು ಬಿಸಿಯಾಗಿ ಘಮ ಬರುವವರೆಗೆ, ಒಂದಾದ ಮೇಲೊಂದು.*
4. ಧನಿಯವನ್ನು ಹುರಿದು ತೆಗೆದ ಮೇಲೆ, ಒಲೆ ಆರಿಸಿ ಬಾಣಲೆಯ ಬಿಸಿಯಲ್ಲೇ ಜೀರಿಗೆ. ಜೀರಿಗೆ ಬೇಗ ಸೀಯುತ್ತದೆ.*
5. ಒಂದು ಚಮಚ ಎಣ್ಣೆಯಲ್ಲಿ* ಇಂಗನ್ನು ಉಬ್ಬುವವರೆಗೆ ಕರಿದು ತೆಗೆಯಿರಿ. ಅದೇ ಎಣ್ಣೆಗೆ ತೊಟ್ಟು ಮುರಿದ ಮೆಣಸಿನಕಾಯಿ, ಆಮೇಲೆ ಕರಿಬೇವು. ಎರಡೂ ಗರಿಗರಿಯಾಗಬೇಕು, ಕಪ್ಪಾಗಬಾರದು.
6. ಪೂರ್ತಿ ಆರಿಸಿ.* ಬಿಸಿಯಿರುವಾಗಲೇ ಪುಡಿ ಮಾಡಿದರೆ ಹಬೆ ಒಳಗೇ ನಿಂತು ಪುಡಿ ಗಂಟು ಕಟ್ಟುತ್ತದೆ.
7. ಪುಡಿ ಮಾಡಿ ಜರಡಿ ಹಿಡಿಯಿರಿ. ಮೇಲೆ ಉಳಿದ ತರಿಯನ್ನು ಮತ್ತೆ ಪುಡಿ ಮಾಡಿ ಬೆರೆಸಿ.*

ಕೊನೆಯ ಸಾಲಿನ ಎರಡನೆಯ ಮಾತು ಮೊದಲ ಬರಹದಲ್ಲಿರಲಿಲ್ಲ. ಸಾರಿನ ಪುಡಿಯನ್ನು ಎಂದೂ ಮಾಡದ ನನ್ನ ತಮ್ಮನ ಹೆಂಡತಿಗೆ ಈ ಹಾಳೆ ಕೊಟ್ಟು, ನಾನು ಬಾಯಿ ಬಿಡದೆ ಪಕ್ಕದಲ್ಲಿ ಕೂತೆ. ಎಲ್ಲವನ್ನೂ ಕಾಲು ಭಾಗಕ್ಕೆ ಇಳಿಸಿಕೊಂಡು ಮಾಡಿದಳು; ಪರೀಕ್ಷೆಗೆ ಅಷ್ಟು ಸಾಕು, ಪ್ರಮಾಣವೂ ಕೆಡದು. ಜರಡಿಯ ಮೇಲೆ ತರಿ ನಿಂತಾಗ “ಇದನ್ನ ಎಸೆಯೋದಾ ಅಕ್ಕ?” ಎಂದು ಕೇಳಿದಳು. ತರಿಯಲ್ಲಿ ಹೆಚ್ಚಿರುವುದು ಧನಿಯದ ಸಿಪ್ಪೆ. ಅದನ್ನು ಎಸೆದರೆ ಅಷ್ಟು ಕಷ್ಟಪಟ್ಟು ಬಿಡಿಸಿದ ಅಳತೆ ಜರಡಿಯಲ್ಲೇ ಬದಲಾಗಿಬಿಡುತ್ತದೆ. ಅತ್ತೆಗೆ ಫೋನ್ ಮಾಡಿ ಕೇಳಿ, ಅವರ ಉತ್ತರವನ್ನು ಏಳನೆಯ ಹಂತಕ್ಕೆ ಸೇರಿಸಿದೆ.