ಮೊದಲ ಬಿಲ್ಲೆ ಮಾತ್ರ ಅಸಲಿ

1880ರ ದಶಕದ ನ್ಯೂಯಾರ್ಕಿನಲ್ಲಿ ರೀಡ್ ವಾಡೆಲ್ ಎಂಬಾತ ಚಿನ್ನದ ಇಟ್ಟಿಗೆ ಮಾರಿಯೇ ಹೆಸರಾದ. ಅದು ಸೀಸದ ಇಟ್ಟಿಗೆ, ಮೇಲೆ ಚಿನ್ನದ ಲೇಪ. ನಡುವೆ ಕೊರೆದ ತೂತಿನಲ್ಲಿ ಮಾತ್ರ ಅಪ್ಪಟ ಚಿನ್ನದ ತುಂಡೊಂದನ್ನು ಕೂರಿಸಿರುತ್ತಿದ್ದ. ಗಿರಾಕಿ ಅನುಮಾನಪಟ್ಟರೆ ಅವನೆದುರೇ ಆ ತುಂಡನ್ನು ಕೆತ್ತಿ ಕೈಗಿಟ್ಟು, ಬೇಕಾದ ಅಕ್ಕಸಾಲಿಗನ ಬಳಿ ಒರೆ ಹಚ್ಚಿಸಿಕೊಂಡು ಬಾ ಎನ್ನುತ್ತಿದ್ದ. ಪರೀಕ್ಷೆ ಮಾಡಿದವನು ಸುಳ್ಳು ಹೇಳುತ್ತಿರಲಿಲ್ಲ. ಆ ತುಂಡು ಚಿನ್ನವೇ ಆಗಿತ್ತು.

ದಾವಣಗೆರೆ, ವಿಜಯನಗರ, ಬಳ್ಳಾರಿ, ಶಿವಮೊಗ್ಗ ಜಿಲ್ಲೆಗಳ ಪೊಲೀಸ್ ಠಾಣೆಗಳಲ್ಲಿ ದಾಖಲಾಗುತ್ತಲೇ ಇರುವ ನಕಲಿ ಬಂಗಾರದ ಪ್ರಕರಣಗಳ ಜೀವಾಳವೂ ಇದೇ. ಇಟ್ಟಿಗೆಯ ಬದಲು ಇಲ್ಲಿ ಬಿಲ್ಲೆಗಳು, ಅಂದರೆ ಹಳೆಯ ಕಾಲದ ನಾಣ್ಯಗಳು. ಜೊತೆಗೊಂದು ನಿಧಿಯ ಕಥೆ.

ಆ ಕಥೆ ಇಲ್ಲಿನ ಮಣ್ಣಿನಲ್ಲಿ ಸಲೀಸಾಗಿ ಬೇರುಬಿಡುತ್ತದೆ. ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ದೂರದ ಊರುಗಳಲ್ಲೂ ಚಲಾವಣೆಯಲ್ಲಿತ್ತು. ವಿಜಯನಗರದ ಅರಸರ ಚಿನ್ನದ ವರಾಹ ಸುಮಾರು 3.4 ಗ್ರಾಂ ತೂಗುತ್ತಿತ್ತು. ನೆಲ ಅಗೆದಾಗ ಅಂಥ ನಾಣ್ಯ ನಿಜಕ್ಕೂ ಸಿಕ್ಕಿದ್ದುಂಟು. ಹಂಪಿಯನ್ನು ಕಂಡವರಿಗಂತೂ ಕೊಪ್ಪರಿಗೆ ಹೊನ್ನು ಅಸಂಭವವೆನಿಸುವುದಿಲ್ಲ. ಇಷ್ಟು ದೊಡ್ಡ ಇತಿಹಾಸವನ್ನು ಮೋಸದ ಬಂಡವಾಳ ಮಾಡಿಕೊಂಡರಲ್ಲ ಎಂದು ಸಂಕಟವಾಗುತ್ತದೆ. ಇದೇ ಕಾರಣಕ್ಕೆ, ದುಡಿದು ತಿನ್ನುವ ಎಷ್ಟೋ ಹಳ್ಳಿಗಳ ಹೆಸರಿಗೂ ಮಸಿ ಹತ್ತಿದೆ.

ದೂರುಗಳಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ ಹೀಗಿದೆ. ಬೆಂಗಳೂರಿನಲ್ಲೋ ಕೇರಳದಲ್ಲೋ ಇರುವ ವ್ಯಾಪಾರಿಗೆ ಅಪರಿಚಿತನೊಬ್ಬ ಫೋನ್ ಮಾಡುತ್ತಾನೆ. ಹಿಂದೆ ನಿಮ್ಮ ಊರಿಗೆ ಕೂಲಿಗೆ ಬಂದಿದ್ದೆ, ನೀವು ಒಳ್ಳೆಯವರು ಅಂತ ನಂಬರ್ ಇಟ್ಟುಕೊಂಡಿದ್ದೆ ಎಂದು ಮಾತು ಶುರುಮಾಡುತ್ತಾನೆ. ಅಜ್ಜನ ಹಳೇ ಮನೆಯ ಪಾಯ ತೋಡುವಾಗ ಬಂಗಾರದ ಬಿಲ್ಲೆ ಸಿಕ್ಕಿವೆ, ಮಾರಲು ನಮಗೆ ಗೊತ್ತಾಗುವುದಿಲ್ಲ, ಅಂಗಡಿಗೆ ಹೋದರೆ ಪೊಲೀಸರು ಹಿಡಿಯುತ್ತಾರೆ, ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುತ್ತಾನೆ. ಮೊದಲ ಭೇಟಿಯಲ್ಲಿ ದುಡ್ಡಿನ ಪ್ರಸ್ತಾಪವೇ ಇರುವುದಿಲ್ಲ. ಒಂದೆರಡು ಬಿಲ್ಲೆ ಕೊಟ್ಟು ಕಳಿಸುತ್ತಾರೆ.

ಅಕ್ಕಸಾಲಿಗ ಬಿಲ್ಲೆಯನ್ನು ಒರೆಗಲ್ಲಿಗೆ ಉಜ್ಜಿ, ಆ ಗೆರೆಗೆ ಆಮ್ಲ ತಾಗಿಸುತ್ತಾನೆ. ಹಿತ್ತಾಳೆಯ ಗೆರೆಯಾದರೆ ಕರಗಿ ಮಾಯವಾಗಬೇಕು. ಇದು ಹಾಗೇ ಉಳಿಯುತ್ತದೆ. ಅಸಲಿ ಚಿನ್ನ! ಇಲ್ಲಿಂದ ಮುಂದೆ ಗಿರಾಕಿಯನ್ನು ಯಾರೂ ಒತ್ತಾಯಿಸಬೇಕಾಗಿಲ್ಲ. ನೆಂಟರಿಷ್ಟರಲ್ಲಿ ಸಾಲ ಎತ್ತಿ, ಒಡವೆ ಅಡವಿಟ್ಟು, ಲಕ್ಷಗಟ್ಟಲೆ ನಗದು ಹಿಡಿದು ಅವನೇ ಹೊರಡುತ್ತಾನೆ.

ಎರಡನೇ ಭೇಟಿ ಹೊಲದ ಬದಿಯಲ್ಲೋ ಜನರಿಲ್ಲದ ರಸ್ತೆಯಲ್ಲೋ ನಡೆಯುತ್ತದೆ. ಅವಸರವೋ ಅವಸರ. ಗಂಟು ಕೈಗೆ ಬಂದು ಹಣ ಎಣಿಸುವಷ್ಟರಲ್ಲಿ ಪೊಲೀಸರು ಬಂದರೆಂದು ಯಾರೋ ಕೂಗುತ್ತಾರೆ. ಕೆಲವೊಮ್ಮೆ ಪೊಲೀಸರ ವೇಷದಲ್ಲಿ ಗುಂಪಿನವರೇ ಬರುತ್ತಾರೆ, ಕೆಲವೊಮ್ಮೆ ಹೊಡೆದು ಹಣ ಕಿತ್ತುಕೊಳ್ಳುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಗಂಟಿನ ತುಂಬ ಹಿತ್ತಾಳೆ.

ಮೊದಲ ಬಾರಿ ಅಷ್ಟು ಜಾಗ್ರತೆಯಿಂದ ಪರೀಕ್ಷಿಸಿದವನು ಎರಡನೇ ಬಾರಿ ಯಾಕೆ ಬಿಟ್ಟ? ಪರೀಕ್ಷೆ ಆಗಿಹೋಗಿದೆ ಎಂಬ ಭಾವನೆಯಿಂದಲೇ. ಆದರೆ ಅಕ್ಕಸಾಲಿಗ ನೋಡಿದ್ದು ಆ ಒಂದೆರಡು ಬಿಲ್ಲೆಗಳನ್ನು ಮಾತ್ರ, ಗಂಟನ್ನಲ್ಲ. ಮಾದರಿಯನ್ನು ಆರಿಸಿದ್ದು ಕೂಡ ಕೊಳ್ಳುವವನಲ್ಲ, ಮಾರುವವನು. ಗಂಟನ್ನು ಪರೀಕ್ಷಿಸಲು ಆಮ್ಲವೂ ಬೇಡ, ತಕ್ಕಡಿ ಮತ್ತು ಅಳತೆಯ ಪಾತ್ರೆ ಸಾಕು. ಒಂದು ಕಿಲೋ 22 ಕ್ಯಾರೆಟ್ ಚಿನ್ನವನ್ನು ನೀರಿಗೆ ಹಾಕಿದರೆ ನೀರು ಸುಮಾರು 55 ಮಿಲಿಲೀಟರ್ ಏರುತ್ತದೆ. ಒಂದು ಕಿಲೋ ಹಿತ್ತಾಳೆಗೆ 115ಕ್ಕೂ ಹೆಚ್ಚು. ಎಂಥ ಲೇಪವೂ ಈ ವ್ಯತ್ಯಾಸವನ್ನು ಮುಚ್ಚಲಾರದು. ಆ ಐದು ನಿಮಿಷ ಸಿಗಬಾರದೆಂದೇ ಅಷ್ಟೆಲ್ಲ ಅವಸರ.

ಇನ್ನೊಂದು ಆಸರೆಯನ್ನು ವಂಚಕರಿಗೆ ಕಾನೂನಿನ ಭಯವೇ ಒದಗಿಸಿದೆ. ನೆಲದಡಿ ಹುದುಗಿದ್ದ 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಜಿಲ್ಲೆಯ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳಿತು. ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ನಿಧಿಯನ್ನು ಗುಟ್ಟಾಗಿ ಕೊಳ್ಳಲು ಹೋದವನಿಗೆ ತಾನೂ ತಪ್ಪಿತಸ್ಥ ಎಂಬ ಅಳುಕು. ಮರ್ಯಾದೆಯ ಪ್ರಶ್ನೆ ಬೇರೆ. ಹಾಗಾಗಿ ಹಲವರು ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ. ಹತ್ತಿದವರೂ ತಡಮಾಡಿ ಹತ್ತುತ್ತಾರೆ. ಅಷ್ಟರಲ್ಲಿ ಫೋನ್ ಸ್ವಿಚ್ ಆಫ್ ಆಗಿರುತ್ತದೆ, ಸಿಮ್ ಇನ್ಯಾರದೋ ಹೆಸರಿನಲ್ಲಿರುತ್ತದೆ, ನಗದು ಹಂಚಿಕೆಯಾಗಿರುತ್ತದೆ. ತಕ್ಷಣ ದೂರು ಬಂದ ಕೆಲವು ಪ್ರಕರಣಗಳಲ್ಲಿ ಪೊಲೀಸರು ಆರೋಪಿಗಳನ್ನು ಹಿಡಿದು ಹಣ ವಶಪಡಿಸಿಕೊಂಡದ್ದೂ ಇದೆ.