ಅವಸರದ ಪ್ರಕಟಣೆಗೆ ಅಳತೆಯ ಶಿಸ್ತು

ಕಾಲೇಜೊಂದರ ವಿಜ್ಞಾನ ಸಂಘದ ಕಾರ್ಯದರ್ಶಿಯಾದ ವಿದ್ಯಾರ್ಥಿನಿಯೊಬ್ಬಳು, ಮರುದಿನದ ಉಪನ್ಯಾಸದ ಪ್ರಕಟಣೆಯನ್ನು ಅರ್ಧ ಗಂಟೆಯಲ್ಲಿ ಸಿದ್ಧಪಡಿಸಿ ನನಗೆ ತೋರಿಸಿದಳು. ಅದನ್ನು ರಚಿಸಿದ್ದು ಕ್ಯಾನ್ವಾದಲ್ಲಿ. ಆಸ್ಟ್ರೇಲಿಯದಲ್ಲಿ 2013ರಲ್ಲಿ ಪ್ರಾರಂಭವಾದ, ಅಂತರಜಾಲದ ಮೂಲಕ ಬಳಸುವ ವಿನ್ಯಾಸ ಸಾಧನವದು. ಚಿತ್ರ ಸೊಗಸಾಗಿತ್ತು, ಬಣ್ಣಗಳಿಗೂ ಕುಂದಿರಲಿಲ್ಲ. ಆದರೆ ಪಕ್ಕದಲ್ಲಿದ್ದ ಆಕೆಯ ಗೆಳತಿ ಅದನ್ನು ಓದಿ, “ಭೌತವಿಜ್ಞಾನ ವಿಭಾಗದಲ್ಲಿ ಯಾವ ಕೊಠಡಿಯೇ?” ಎಂದು ಕೇಳಿದಳು. ಉಪನ್ಯಾಸ ನಡೆಯಬೇಕಾಗಿದ್ದುದು ಹಳೆಯ ಸಭಾಂಗಣದಲ್ಲಿ. ‘ಭೌತವಿಜ್ಞಾನ ವಿಭಾಗ’ ಎಂಬುದು ಉಪನ್ಯಾಸಕರ ಹೆಸರಿನ ಕೆಳಗಿದ್ದ ಅವರ ಪರಿಚಯದ ಸಾಲು!

ಅಕ್ಷರದೋಷ ಒಂದೂ ಇಲ್ಲದ ಪ್ರಕಟಣೆ ತಪ್ಪು ಸಂಗತಿಯನ್ನು ಹೇಳಿದ್ದು ಹೇಗೆ? ಅಳೆದು ನೋಡಿದಾಗ ಕಾರಣ ತಿಳಿಯಿತು. ಹೆಸರಿಗೂ ಪರಿಚಯದ ಸಾಲಿಗೂ ನಡುವೆ 34 ಪಿಕ್ಸೆಲ್‌ಗಳ ಅಂತರವಿತ್ತು. ಪರಿಚಯದ ಸಾಲಿಗೂ ಅದರ ಕೆಳಗಿನ ದಿನಾಂಕಕ್ಕೂ ನಡುವೆ ಕೇವಲ 27. ಹತ್ತಿರವಿರುವ ವಸ್ತುಗಳನ್ನು ನಮ್ಮ ದೃಷ್ಟಿ ಒಂದೇ ಗುಂಪಿಗೆ ಸೇರಿಸಿಬಿಡುತ್ತದೆ. ಈ ಸಾಮೀಪ್ಯ ನಿಯಮವನ್ನು ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1923ರಲ್ಲಿ ಚುಕ್ಕೆಗಳ ಸಾಲುಗಳಿಂದಲೇ ವಿವರಿಸಿದ್ದನು. ಪದಗಳನ್ನು ಓದುವ ಮೊದಲೇ ಕಣ್ಣು ಆ ಸಾಲನ್ನು ಹೆಸರಿನಿಂದ ಬಿಡಿಸಿ ದಿನಾಂಕಕ್ಕೆ ಅಂಟಿಸಿತ್ತು.

ಹಾಗಾದರೆ ಎಷ್ಟು ಅಂತರ ಬಿಡಬೇಕು? ಇದನ್ನು ನಿರ್ಣಯಿಸಲು ಕಣ್ಣಿನ ಎರಡು ಸ್ವಭಾವಗಳನ್ನು ತಿಳಿದಿರಬೇಕು. ಅಂಚಿನ ವಿಷಯದಲ್ಲಿ ಕಣ್ಣು ಅತ್ಯಂತ ಕಟ್ಟುನಿಟ್ಟು. ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರನ್ನು ನೆನೆದುಕೊಳ್ಳಿ. ಎರಡು ಗೆರೆಗಳು ಒಂದೇ ನೇರದಲ್ಲಿವೆಯೇ ಎಂಬುದನ್ನು ನಾವು ಬಹು ಸೂಕ್ಷ್ಮವಾಗಿ ಗುರುತಿಸಬಲ್ಲೆವು. ಆ ಉಪಕರಣ ಈ ಶಕ್ತಿಯನ್ನೇ ನಂಬಿದೆ. ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣಲು ಅವುಗಳ ನಡುವೆ ಸುಮಾರು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವಿರಬೇಕು. ಗೆರೆಯ ಜರುಗುವಿಕೆಯಾದರೋ ಅದರ ಆರನೆಯ ಒಂದು ಭಾಗದಷ್ಟಿದ್ದರೂ ಕಣ್ಣಿಗೆ ತಿಳಿಯುತ್ತದೆ. ಆದುದರಿಂದ ಸಾಲುಗಳ ಎಡ ಅಂಚುಗಳು ‘ಹೆಚ್ಚು ಕಡಿಮೆ’ ಒಂದೇ ನೇರದಲ್ಲಿದ್ದರೆ ಸಾಲದು, ಪೂರ್ಣವಾಗಿ ಇರಬೇಕು.

ಅಂತರಗಳನ್ನು ಹೋಲಿಸುವಾಗ ಕಣ್ಣು ಇಷ್ಟು ಚುರುಕಲ್ಲ. ಅಲ್ಲಿ ಅದು ವ್ಯತ್ಯಾಸವನ್ನು ಕೂಡುವ ಕಳೆಯುವ ಲೆಕ್ಕದಿಂದಲ್ಲ, ಅನುಪಾತದಿಂದ ಅರಿಯುತ್ತದೆ. 20ಕ್ಕೂ 40ಕ್ಕೂ ಇರುವ ಭೇದ ಎದ್ದು ಕಾಣುತ್ತದೆ. ಅದೇ ಇಪ್ಪತ್ತರ ಭೇದ 200ಕ್ಕೂ 220ಕ್ಕೂ ನಡುವೆ ಬಂದರೆ ಗಮನಕ್ಕೇ ಬಾರದು. 27 ಮತ್ತು 34 ಇನ್ನೊಂದು ಬಗೆಯ ತೊಡಕು: ಅವು ಸಮವೂ ಅಲ್ಲ, ಸ್ಪಷ್ಟವಾಗಿ ಬೇರೆಯೂ ಅಲ್ಲ. ‘ಅವಸರದ ಕೆಲಸ’ ಎಂದು ನೋಡುವವರಿಗೆ ಅನಿಸುವುದು ಬಹುತೇಕ ಇಂತಹ ಅರೆಬರೆ ಅಂತರಗಳಿಂದಲೇ. ಇದಕ್ಕೆ ಪರಿಹಾರ ಅಂತರಶ್ರೇಣಿ. ಮೂರೇ ಅಳತೆಗಳನ್ನು ಇಟ್ಟುಕೊಳ್ಳಿ. ಪ್ರತಿಯೊಂದೂ ಹಿಂದಿನದರ ಇಮ್ಮಡಿಯಾಗಿರಲಿ. ನಾಲ್ಕನೆಯ ಅಳತೆ ಹಾಳೆಯ ಮೇಲೆ ಎಲ್ಲಿಯೂ ಕಾಣದಿರಲಿ.

ನಮ್ಮ ವಿದ್ಯಾರ್ಥಿನಿಯ ಹಾಳೆಯ ಅಗಲ 1080, ಎತ್ತರ 1350 ಪಿಕ್ಸೆಲ್. ಅದಕ್ಕೆ 20, 40, 80 ಎಂಬ ಶ್ರೇಣಿಯನ್ನು ಆರಿಸಿಕೊಂಡೆವು. ಒಂದೇ ಸಂಗತಿಗೆ ಸೇರಿದ ಸಾಲುಗಳ ನಡುವೆ 20. ಸಂಬಂಧವಿದ್ದೂ ಬೇರೆಯಾದ ಸಂಗತಿಗಳ ನಡುವೆ 40. ದೊಡ್ಡ ಭಾಗಗಳ ನಡುವೆಯೂ ನಾಲ್ಕು ಅಂಚುಗಳಲ್ಲಿಯೂ 80. ಪ್ರತಿ ಸಲವೂ ಲೆಕ್ಕ ಹಾಕುವ ಶ್ರಮ ಬೇಡವೆಂದು ಈ ಮೂರು ಅಳತೆಯ ಬಣ್ಣದ ಚೌಕಗಳನ್ನು ಮಾಡಿ ಹಾಳೆಯ ಮೇಲಿರಿಸಿದೆವು. ಎರಡು ಸಾಲುಗಳ ನಡುವೆ ಚೌಕವನ್ನು ಇಟ್ಟು, ಸಾಲುಗಳನ್ನು ಅದಕ್ಕೆ ತಾಗಿಸಿ, ಕೆಲಸ ಮುಗಿದ ಮೇಲೆ ಚೌಕವನ್ನು ಅಳಿಸಿದರಾಯಿತು.

ಮೊದಲು ಎಡ ಅಂಚನ್ನು ಸರಿಪಡಿಸಿದೆವು. ಸಾಲೊಂದನ್ನು ಆರಿಸಿ Position ಎಂಬುದನ್ನು ಒತ್ತಿದರೆ X, Y ಎಂಬ ಸ್ಥಾನಸೂಚಕ ಸಂಖ್ಯೆಗಳು ಕಾಣುತ್ತವೆ. ಆಕೆಯ ಸಾಲುಗಳ X ಬೆಲೆಗಳು 74, 80, 86 ಎಂದು ಚದುರಿದ್ದವು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಂದೇ ಸಾಲನ್ನು ಆರಿಸಿ Left ಒತ್ತಿದರೆ ಅದು ಹಾಳೆಯ ಅಂಚಿಗೇ ಹೋಗಿ ಕೂರುತ್ತದೆ. ಹಲವನ್ನು ಒಟ್ಟಿಗೆ ಆರಿಸಿ ಒತ್ತಿದರೆ ಅವೆಲ್ಲ ಎಡತುದಿಯಲ್ಲಿರುವ ಸಾಲಿನ ನೇರಕ್ಕೆ ಬರುತ್ತವೆ. ಆದಕಾರಣ 74ರಲ್ಲಿದ್ದುದನ್ನು ಮೊದಲು 80ಕ್ಕೆ ತಂದು, ಆಮೇಲೆ ಎಲ್ಲವನ್ನೂ ಆರಿಸಿ Left ಒತ್ತಿದೆವು. ಆದರೂ ಒಂದು ಸಾಲು ಮಾತ್ರ ಒಳಗೆ ಸರಿದಂತೆಯೇ ಕಾಣುತ್ತಿತ್ತು. ಪೆಟ್ಟಿಗೆ ನೇರವಾಗಿತ್ತು, ಅದರೊಳಗಿನ ಅಕ್ಷರಗಳು ನಡುವಿಗೆ ಜೋಡಣೆಯಾಗಿದ್ದವು. ಅವನ್ನೂ ಎಡಕ್ಕೆ ಹೊಂದಿಸಿದ ಮೇಲೆ ಅಂಚು ಗೆರೆ ಎಳೆದಂತಾಯಿತು.

ಬಳಿಕ ಮೇಲಿನಿಂದ ಕೆಳಕ್ಕೆ ಇಳಿದೆವು. ಸಂಘದ ಹೆಸರಿನ ಎತ್ತರ 50. ಅದರ Y ಬೆಲೆ 80, ಆದ್ದರಿಂದ ಅದು 130ಕ್ಕೆ ಮುಗಿಯಿತು. 20 ಬಿಟ್ಟು 150ರಲ್ಲಿ ಶೀರ್ಷಿಕೆ. ಅದರ ಎತ್ತರ 220, ಕೊನೆ 370. 80 ಬಿಟ್ಟು 450ರಲ್ಲಿ ಚಿತ್ರ; ಎತ್ತರ 400, ಕೊನೆ 850. ಮತ್ತೆ 80 ಬಿಟ್ಟು 930ರಲ್ಲಿ ಉಪನ್ಯಾಸಕರ ಹೆಸರು, ಎತ್ತರ 60. 20 ಬಿಟ್ಟು 1010ರಲ್ಲಿ ಪರಿಚಯದ ಸಾಲು; ಎತ್ತರ 40, ಕೊನೆ 1050. ಈಗ 40 ಬಿಟ್ಟು 1090ರಿಂದ ದಿನಾಂಕ, ಸಮಯ, ಸ್ಥಳ ಎಂಬ ಮೂರು ಸಾಲುಗಳು. ಒಂದೊಂದರ ಎತ್ತರ 40, ನಡುವೆ 20. ಅವು 1250ಕ್ಕೆ ಮುಗಿದು, ಕೆಳಗೆ 80ರ ಬದಲು 100 ಉಳಿಯಿತು.

ಮಿಕ್ಕ 20ನ್ನು ಏನು ಮಾಡುವುದು? ಅಲ್ಲಲ್ಲಿ ನಾಲ್ಕೈದರಂತೆ ಹಂಚಿಬಿಡುವ ಮನಸ್ಸಾಗುವುದು ಸಹಜ. ಹಾಗೆ ಮಾಡಿದ್ದರೆ ಶ್ರೇಣಿಯೇ ಕೆಡುತ್ತಿತ್ತು. ಅಂತರಗಳನ್ನು ಮುಟ್ಟದೆ, ಹಿಗ್ಗಬಲ್ಲ ವಸ್ತುವಿಗೆ ಅದನ್ನು ಕೊಡಬೇಕು. ಚಿತ್ರದ ಅಗಲ 920 ಇದ್ದಂತೆಯೇ ಉಳಿಯಿತು. ಮೇಲ್ಭಾಗದ ದೃಶ್ಯ ಕೊಂಚ ಹೆಚ್ಚು ಕಾಣುವಂತೆ ಎತ್ತರವನ್ನು 420 ಮಾಡಿದೆವು. ಕೆಳಗಿನದೆಲ್ಲ 20 ಇಳಿದು, ಕೊನೆಯ ಸಾಲು 1270ಕ್ಕೆ ಮುಗಿಯಿತು.

ಮೂರು ಸಾಲುಗಳನ್ನು ಸಮಾಂತರಗೊಳಿಸಲು Tidy up ಎಂಬ ಅನುಕೂಲವುಂಟು. ಅವಸರದಲ್ಲಿ ಇಡೀ ಹಾಳೆಯನ್ನು ಆರಿಸಿ ಅದನ್ನು ಒತ್ತುವವರೇ ಹೆಚ್ಚು. ಆಗ ಎಲ್ಲ ಅಂತರಗಳೂ ಸಮವಾಗಿ ಗುಂಪುಗಳೇ ಅಳಿಸಿಹೋಗುತ್ತವೆ. ಹಾಳೆ ಓರಣವಾಗಿ ಕಂಡರೂ ಅರ್ಥ ಕೆಡುತ್ತದೆ. ಒಂದು ಗುಂಪಿನೊಳಗೆ ಮಾತ್ರ ಅದನ್ನು ಬಳಸಿ, Group ಒತ್ತಿ ಆ ಸಾಲುಗಳನ್ನು ಕಟ್ಟಿಟ್ಟು, ಆಮೇಲೆ ಒಟ್ಟಾಗಿ ಸರಿಸುವುದು ಕ್ಷೇಮ.

ಸಂಖ್ಯೆಗಳು ಹೇಳದ ಸಂಗತಿಯೂ ಒಂದಿದೆ. ಕ್ಯಾನ್ವಾ ಅಳೆಯುವುದು ಅಕ್ಷರವನ್ನಲ್ಲ, ಅದರ ಸುತ್ತಲಿನ ಪೆಟ್ಟಿಗೆಯನ್ನು. ಪೆಟ್ಟಿಗೆಯ ಮೇಲೂ ಕೆಳಗೂ ಸ್ವಲ್ಪ ಬರಿದಾದ ಜಾಗವಿರುತ್ತದೆ. ಆದ್ದರಿಂದ ಚಿತ್ರದ ಪಕ್ಕದ 80 ಕಣ್ಣಿಗೆ ಹೆಚ್ಚಾಗಿ ಕಾಣಬಹುದು. ಕನ್ನಡದಲ್ಲಿ ಒತ್ತಕ್ಷರಗಳೂ ಇವೆ. ‘ವಿಜ್ಞಾನ’, ‘ರಾಷ್ಟ್ರ’ ಎಂಬಂತಹ ಪದಗಳು ಕೆಳಗಿನ ಸಾಲಿನ ಕಡೆಗೆ ಇಳಿದು, ಅಲ್ಲಿನ ಅಂತರವನ್ನು ಕಿರಿದಾಗಿಸುತ್ತವೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಒತ್ತಕ್ಷರವು ಕೆಳಗಿನ ಸಾಲಿಗೆ ತಗುಲುವಂತಿದ್ದರೆ ಸಾಲಂತರವನ್ನು ಹೆಚ್ಚಿಸಿ, ಪೆಟ್ಟಿಗೆಯ ಹೊಸ ಎತ್ತರದಿಂದ ಲೆಕ್ಕವನ್ನು ಮತ್ತೆ ಮಾಡಬೇಕು. ಹಾಳೆಯ ಅಳತೆ ಬದಲಾದರೆ ಶ್ರೇಣಿಯ ಸಂಖ್ಯೆಗಳೂ ಬದಲಾಗುತ್ತವೆ. ಇಮ್ಮಡಿಯ ಅನುಪಾತ ಮಾತ್ರ ಹಾಗೆಯೇ ಉಳಿಯುತ್ತದೆ.

ಕೊನೆಗೆ ಪರೀಕ್ಷೆ. ಅಕ್ಷರಗಳು ಓದಲಾಗದಷ್ಟು ಚಿಕ್ಕದಾಗುವಂತೆ ಹಾಳೆಯನ್ನು ಕುಗ್ಗಿಸಿ, ಎಷ್ಟು ಗುಂಪುಗಳು ಕಾಣುತ್ತವೆ ಎಂದು ಎಣಿಸಿ. ನಮಗೆ ನಾಲ್ಕು ಕಂಡವು: ಶೀರ್ಷಿಕೆ, ಚಿತ್ರ, ಉಪನ್ಯಾಸಕರು, ಸಭೆಯ ವಿವರ. ಆ ಗೆಳತಿಗೆ ಹಾಳೆಯನ್ನು ಮತ್ತೆ ತೋರಿಸಿದೆವು. ಈ ಸಲ ಆಕೆ ಕೇಳಿದ್ದು, “ಹಳೆಯ ಸಭಾಂಗಣದಲ್ಲಿ ಎಲ್ಲರಿಗೂ ಜಾಗ ಸಾಕಾಗುತ್ತದೆಯೇ?” ಎಂದು.