ಚಿತ್ತಾರದ ಗೋಡೆಯ ದಾಖಲೀಕರಣ: ಛಾಯಾಚಿತ್ರಗಳ ಹೊಲಿಗೆ ಮತ್ತು ಅದರ ದೋಷಗಳು

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಭಾಗದ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಬರೆಯುವ ಚಿತ್ತಾರವು ಮಲೆನಾಡಿನ ಗೋಡೆಚಿತ್ರ ಪರಂಪರೆಯ ಮುಖ್ಯ ರೂಪಗಳಲ್ಲೊಂದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಣ್ಣಗಳಿಂದ, ಪುಂಡಿನಾರಿನ ಕುಂಚ ಹಿಡಿದು ಎಳೆಯುವ ಸಣ್ಣ ಗೆರೆಗಳೇ ಇದರ ಜೀವಾಳ. ಗೋಡೆಯನ್ನು ಮತ್ತೆ ಸಾರಿಸಿದಾಗ ಚಿತ್ತಾರ ಅಳಿದುಹೋಗುತ್ತದೆ. ಆ ಬಳಿಕ ಸಂಶೋಧಕನ ಕೈಯಲ್ಲಿ ಉಳಿಯುವುದು ಛಾಯಾಚಿತ್ರವೊಂದೇ. ಆದುದರಿಂದ ಆ ಛಾಯಾಚಿತ್ರದಲ್ಲಿ ಗೆರೆಗಳ ಎಣಿಕೆ ಮೂಲದಂತೆಯೇ ಇದೆಯೇ ಎಂಬ ಪ್ರಶ್ನೆ ಕೇವಲ ತಾಂತ್ರಿಕವಾದುದಲ್ಲ. ದಾಖಲೆಯ ಪ್ರಾಮಾಣ್ಯಕ್ಕೆ ಸಂಬಂಧಿಸಿದ್ದು.

ಉದ್ದವಾದ ಜಗಲಿಯ ಗೋಡೆಯನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಕಷ್ಟ. ಜಗಲಿ ಕಿರಿದಾಗಿರುವುದರಿಂದ ಹಿಂದೆ ಸರಿಯಲು ಜಾಗವಿಲ್ಲ. ಅಂಗಳಕ್ಕೆ ಇಳಿದರೆ ಕಂಬಗಳು ಅಡ್ಡ ಬರುತ್ತವೆ. ಹೀಗಾಗಿ ಗೋಡೆಯನ್ನು ತುಂಡುತುಂಡಾಗಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಚಿತ್ರಿಸಿ, ಗಣಕದಲ್ಲಿ ಹೊಲಿಯಬೇಕಾಗುತ್ತದೆ. ಓಪನ್‌ಸಿವಿ ಎಂಬ ಮುಕ್ತ ತಂತ್ರಾಂಶ ಭಂಡಾರವು ಈ ಕೆಲಸಕ್ಕೆ ಬೇಕಾದ ಸಾಧನಗಳನ್ನು ಒದಗಿಸುತ್ತದೆ. ಹೊಲಿಗೆ ಎಲ್ಲಿ ಸರಿ ಕೂರುತ್ತದೆ, ಎಲ್ಲಿ ತಪ್ಪುತ್ತದೆ, ತಪ್ಪಿದ್ದನ್ನು ಗುರುತಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

1. ಹೊಲಿಗೆಯ ತತ್ತ್ವ

ಎರಡು ಚಿತ್ರಗಳಲ್ಲಿ ಸಮಾನವಾಗಿ ಕಾಣುವ ಬಿಂದುಗಳನ್ನು ತಂತ್ರಾಂಶವು ಮೊದಲು ಹುಡುಕುತ್ತದೆ. ಆ ಜೋಡಿಗಳ ಆಧಾರದಿಂದ ಒಂದು ಚಿತ್ರವನ್ನು ಇನ್ನೊಂದರ ಮೇಲೆ ಕೂರಿಸುವ ಗಣಿತಸೂತ್ರವನ್ನು ಕಂಡುಕೊಳ್ಳುತ್ತದೆ. ಇದಕ್ಕೆ ಹೋಮೋಗ್ರಫಿ ಎಂದು ಹೆಸರು. ಅನಂತರ ಚಿತ್ರವನ್ನು ಆ ಸೂತ್ರದಂತೆ ಬಾಗಿಸಿ, ಅಂಚುಗಳನ್ನು ಬೆರೆಸುತ್ತದೆ. ಈ ಸೂತ್ರವು ಕರಾರುವಾಕ್ಕಾಗಿ ಹೊಂದುವುದು ಎರಡು ಸಂದರ್ಭಗಳಲ್ಲಿ ಮಾತ್ರ. ಒಂದು, ಕ್ಯಾಮೆರಾ ತನ್ನ ಸ್ಥಾನದಿಂದ ಕದಲದೆ ಬರಿದೆ ತಿರುಗಿದಾಗ. ಇನ್ನೊಂದು, ಕ್ಯಾಮೆರಾ ಸರಿದರೂ ಚಿತ್ರಿತವಾದ ವಸ್ತು ಸಂಪೂರ್ಣ ಸಮತಲವಾಗಿದ್ದಾಗ. ಹೊಲಿಗೆಯ ಬಹುಪಾಲು ದೋಷಗಳು ಈ ಎರಡೂ ನಿಬಂಧನೆಗಳು ಮುರಿದಾಗ ಹುಟ್ಟುತ್ತವೆ.

ಕ್ಷೇತ್ರಕ್ಕೆ ಹೋಗುವ ಮೊದಲೇ ಇದನ್ನು ಶಿವಮೊಗ್ಗದ ರವೀಂದ್ರನಗರದಂತಹ ಬಡಾವಣೆಯ ಯಾವುದೇ ಬೀದಿಯಲ್ಲಿ ಪರೀಕ್ಷಿಸಿ ನೋಡಬಹುದು. ಎದುರಿಗೆ ಮನೆಯ ಕಾಂಪೌಂಡ್ ಗೋಡೆ, ಅದರ ಮುಂದೊಂದು ವಿದ್ಯುತ್ ಕಂಬ ಇದ್ದರೆ ಸಾಕು. ನಿಂತಲ್ಲೇ ತಿರುಗಿ ತೆಗೆದ ಚಿತ್ರಗಳಲ್ಲಿ ಕಂಬವೂ ಗೋಡೆಯೂ ಒಟ್ಟಿಗೇ ಸರಿಯುತ್ತವೆ, ಹೊಲಿಗೆ ಹೊಂದುತ್ತದೆ. ನಾಲ್ಕು ಹೆಜ್ಜೆ ನಡೆದು ತೆಗೆದ ಚಿತ್ರಗಳಲ್ಲಾದರೋ ಹತ್ತಿರದ ಕಂಬ ಹೆಚ್ಚು ಸರಿಯುತ್ತದೆ, ದೂರದ ಗೋಡೆ ಕಡಿಮೆ ಸರಿಯುತ್ತದೆ. ಗೋಡೆಯನ್ನು ಹೊಂದಿಸಿದರೆ ಕಂಬ ಎರಡಾಗುತ್ತದೆ. ಕಂಬವನ್ನು ಹೊಂದಿಸಿದರೆ ಗೋಡೆ ಒಡೆಯುತ್ತದೆ. ಈ ನೋಟದ ಪಲ್ಲಟವನ್ನೇ ಪ್ಯಾರಲಾಕ್ಸ್ ಎನ್ನುವರು.

2. ಜಗಲಿಯ ಗೋಡೆಗೆ ಅನ್ವಯ

ಉದಾಹರಣೆಗೆ 6 ಮೀಟರ್ ಉದ್ದದ ಗೋಡೆಯೊಂದನ್ನು ತೆಗೆದುಕೊಳ್ಳೋಣ. ಕಂಬಗಳು ಅಡ್ಡ ಬಾರದಂತೆ ಜಗಲಿಯ ಒಳಗೇ, ಗೋಡೆಯಿಂದ 1.5 ಮೀಟರ್ ದೂರದಲ್ಲಿ ಕ್ಯಾಮೆರಾ ಇದೆ ಎಂದಿಟ್ಟುಕೊಳ್ಳೋಣ. ಚಿತ್ರದ ಅಗಲ 4000 ಪಿಕ್ಸೆಲ್, ಮಸೂರದ ನಾಭಿದೂರ ಪಿಕ್ಸೆಲ್‌ಗಳ ಲೆಕ್ಕದಲ್ಲಿ 3000. ಆಗ ಒಂದು ಚಿತ್ರದಲ್ಲಿ 2 ಮೀಟರ್ ಗೋಡೆ ಹಿಡಿಯುತ್ತದೆ. ಒಂದು ಪಿಕ್ಸೆಲ್ ಗೋಡೆಯ ಅರ್ಧ ಮಿಲಿಮೀಟರಿಗೆ ಸಮ. ಪ್ರತಿ ಸಲ ಅರ್ಧ ಮೀಟರ್ ಸರಿಯುತ್ತ ಹೋದರೆ 9 ಚಿತ್ರಗಳಲ್ಲಿ ಗೋಡೆ ಮುಗಿಯುತ್ತದೆ. ಅಕ್ಕಪಕ್ಕದ ಚಿತ್ರಗಳ ನಡುವೆ ಮುಕ್ಕಾಲು ಭಾಗ ಸಮಾನವಾಗಿರುತ್ತದೆ.

ಕ್ಯಾಮೆರಾ ಸರಿದ ದೂರವನ್ನು ನಾಭಿದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿದರೆ ಆ ವಸ್ತು ಚಿತ್ರದಲ್ಲಿ ಎಷ್ಟು ಸರಿಯಿತೆಂಬುದು ತಿಳಿಯುತ್ತದೆ. ಈ ಲೆಕ್ಕದಂತೆ ಗೋಡೆ 1000 ಪಿಕ್ಸೆಲ್ ಸರಿಯುತ್ತದೆ. ಗೋಡೆಯಿಂದ 10 ಸೆಂಟಿಮೀಟರ್ ಮುಂದೆ ಚಾಚಿದ ಬಾಗಿಲ ಚೌಕಟ್ಟು 1071 ಪಿಕ್ಸೆಲ್ ಸರಿಯುತ್ತದೆ. ಅಂದರೆ ಹೊಲಿದ ಚಿತ್ರದಲ್ಲಿ ಚೌಕಟ್ಟು ಸುಮಾರು ಮೂರೂವರೆ ಸೆಂಟಿಮೀಟರ್ ತಪ್ಪಿ ಕೂರುತ್ತದೆ. ಇದು ಕಣ್ಣಿಗೆ ಬೀಳುವ ದೋಷ. ಆದರೆ ಮಣ್ಣಿನ ಗೋಡೆ ಎಲ್ಲಾದರೂ ಕೇವಲ 1 ಸೆಂಟಿಮೀಟರ್ ಉಬ್ಬಿದ್ದರೂ ಅಲ್ಲಿ 7 ಪಿಕ್ಸೆಲ್, ಎಂದರೆ ಮೂರು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಗೆರೆಯೇ ಎರಡು ಮೂರು ಮಿಲಿಮೀಟರ್ ದಪ್ಪವಿರುವಾಗ, ಬರೆದವಳು ಎಳೆದ ಒಂದು ಗೆರೆ ಹೊಲಿಗೆಯಲ್ಲಿ ಎರಡಾಗಿ ಕಾಣಲು ಇಷ್ಟೇ ಸಾಕು. ಎರಡು ಚಿತ್ರಗಳ ನಡುವಿನ ಸರಿತವನ್ನು ಕಡಿಮೆ ಮಾಡಿದಷ್ಟೂ ಈ ದೋಷ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಉಬ್ಬುತಗ್ಗಿನ ಗೋಡೆಗೆ ಹೆಚ್ಚು ಚಿತ್ರಗಳು ಬೇಕಾಗುವುದು ಈ ಕಾರಣದಿಂದ.

3. ವಿಧಾನದ ಆಯ್ಕೆ

ಓಪನ್‌ಸಿವಿಯ `Stitcher` ಎಂಬ ಸಿದ್ಧ ಸಾಧನದಲ್ಲಿ ಎರಡು ಬಗೆಗಳಿವೆ. `PANORAMA` ಎಂಬುದು ಕ್ಯಾಮೆರಾ ನಿಂತಲ್ಲೇ ತಿರುಗಿದೆ ಎಂದು ಭಾವಿಸಿ, ಚಿತ್ರಗಳನ್ನು ಗೋಳದ ಮೇಲೆ ಹರಡುತ್ತದೆ. ಬೆಟ್ಟಸಾಲಿಗೆ ಇದು ಒಪ್ಪುತ್ತದೆ. ಸರಿಯುತ್ತ ತೆಗೆದ ಗೋಡೆಗೆ ಇದನ್ನು ಬಳಸಿದರೆ ಚಿತ್ತಾರದ ನೇರವಾದ ಅಡ್ಡಗೆರೆಗಳು ಬಿಲ್ಲಿನಂತೆ ಬಾಗುತ್ತವೆ. `SCANS` ಎಂಬುದು ಚಪ್ಪಟೆ ವಸ್ತುವಿಗೆಂದೇ ಇರುವುದಾದರೂ ಕ್ಯಾಮೆರಾ ಗೋಡೆಗೆ ನೇರ ಎದುರಾಗಿತ್ತೆಂದು ನಂಬುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾ ಕೊಂಚ ವಾಲಿದಾಗ ಉಂಟಾಗುವ ಓರೆಯನ್ನು ಅದು ತಿದ್ದಲಾರದು. ಆದುದರಿಂದ ದಾಖಲೀಕರಣಕ್ಕೆ ಚಿತ್ರಗಳನ್ನು ಎರಡೆರಡಾಗಿ ಹೊಂದಿಸಿ, ಪ್ರತಿ ಜೋಡಿಯ ಫಲಿತಾಂಶವನ್ನು ಪರಿಶೀಲಿಸುವುದು ಲೇಸು.

```python
import cv2 as cv, numpy as np
a = cv.imread("g04.jpg"); b = cv.imread("g05.jpg")
s = cv.SIFT_create()
ka, da = s.detectAndCompute(a, None)
kb, db = s.detectAndCompute(b, None)
m = cv.BFMatcher().knnMatch(db, da, k=2)
g = [p for p, q in m if p.distance < 0.75 * q.distance]
src = np.float32([kb[p.queryIdx].pt for p in g])
dst = np.float32([ka[p.trainIdx].pt for p in g])
H, ok = cv.findHomography(src, dst, cv.RANSAC, 3.0)
print(len(g), int(ok.sum()))
```

ಕೊನೆಯ ಸಾಲು ಎರಡು ಸಂಖ್ಯೆಗಳನ್ನು ತೋರಿಸುತ್ತದೆ: ದೊರೆತ ಜೋಡಿಗಳೆಷ್ಟು, ಅವುಗಳಲ್ಲಿ ಒಂದೇ ಸೂತ್ರಕ್ಕೆ 3 ಪಿಕ್ಸೆಲ್‌ಗಳ ಒಳಗೆ ಒಪ್ಪಿದವು ಎಷ್ಟು. ಒಪ್ಪದ ಜೋಡಿಗಳು ಚಿತ್ರದ ತುಂಬ ಚದುರಿದ್ದರೆ ಅವು ಬರಿಯ ಆಕಸ್ಮಿಕ ತಪ್ಪುಗಳು. ಒಂದೇ ಕಡೆ ಗುಂಪುಗೂಡಿದ್ದರೆ ಅಲ್ಲಿ ಗೋಡೆ ಉಬ್ಬಿದೆ ಅಥವಾ ಚೌಕಟ್ಟು ಮುಂದೆ ಚಾಚಿದೆ ಎಂದು ತಿಳಿಯಬೇಕು. ಒಪ್ಪಿದ ಜೋಡಿಗಳೆಲ್ಲ ಚಿತ್ರದ ಒಂದು ಮೂಲೆಯಲ್ಲೇ ಇದ್ದರೆ ಸಂಖ್ಯೆ ಎಷ್ಟೇ ದೊಡ್ಡದಾದರೂ ಆ ಸೂತ್ರವನ್ನು ನಂಬಲಾಗದು. ಗೆರೆಯಿಲ್ಲದ ಕೆಮ್ಮಣ್ಣಿನ ಭಾಗದಲ್ಲಿ ಗುರುತಿಸಬಹುದಾದ ಬಿಂದುಗಳು ವಿರಳವಾದ್ದರಿಂದ ಹೀಗಾಗುವುದುಂಟು.

ಒಂಬತ್ತು ಚಿತ್ರಗಳನ್ನು ಜೋಡಿಸುವಾಗ ಮೊದಲನೆಯದನ್ನು ಆಧಾರವಾಗಿಟ್ಟುಕೊಂಡರೆ, ಪ್ರತಿ ಹಂತದ ಸಣ್ಣ ತಪ್ಪು ಮುಂದಿನದಕ್ಕೆ ಕೂಡುತ್ತ ಹೋಗಿ ಕೊನೆಯ ತುದಿ ಬೀಸಣಿಗೆಯಂತೆ ಹಿಗ್ಗಬಹುದು. ಐದನೆಯ ಚಿತ್ರವನ್ನು ಆಧಾರ ಮಾಡಿಕೊಂಡರೆ ಯಾವ ಚಿತ್ರವೂ ನಾಲ್ಕು ಹಂತಕ್ಕಿಂತ ದೂರವಿರುವುದಿಲ್ಲ.

4. ಪುನರಾವರ್ತನೆಯ ಸಮಸ್ಯೆ

ಚಿತ್ತಾರದ ಅಂಚಿನ ಪಟ್ಟಿಯಲ್ಲಿ ಒಂದೇ ಆಕೃತಿ ಮತ್ತೆ ಮತ್ತೆ ಬರುತ್ತದೆ. ತಂತ್ರಾಂಶಕ್ಕೆ ಮೂರನೆಯ ಆಕೃತಿ ನಾಲ್ಕನೆಯದರಂತೆಯೇ ಕಾಣಬಹುದು. ಮೇಲಿನ ಕ್ರಮವಿಧಿಯಲ್ಲಿ 0.75 ಎಂಬ ಮಿತಿ ಇರುವುದು ಇಂತಹ ಸಂದಿಗ್ಧ ಜೋಡಿಗಳನ್ನು ಬಿಟ್ಟುಬಿಡಲು: ಒಂದು ಬಿಂದುವಿಗೆ ಹೋಲುವ ಎರಡು ಬಿಂದುಗಳು ಸರಿಸುಮಾರು ಸಮಾನವಾಗಿದ್ದರೆ ಎರಡನ್ನೂ ಕೈಬಿಡಲಾಗುತ್ತದೆ. ಕೈಬರಹದ ಚಿತ್ತಾರದಲ್ಲಿ ಯಾವ ಎರಡು ಆಕೃತಿಗಳೂ ತದ್ವತ್ತಾಗಿರುವುದಿಲ್ಲ. ಕುಂಚದ ಒತ್ತು, ಗೆರೆಯ ನಡುಕ, ಬಣ್ಣದ ಹನಿ ಇವೇ ಹೊಂದಿಕೆಗೆ ನೆರವಾಗುತ್ತವೆ. ಆದರೂ ಕೆಲವೊಮ್ಮೆ ಇಡೀ ಹೊಂದಿಕೆ ಒಂದು ಆಕೃತಿಯಷ್ಟು ಜಾರಿಬಿಡುತ್ತದೆ. ಆಕೃತಿಯ ಅಗಲ 8 ಸೆಂಟಿಮೀಟರ್ ಆಗಿದ್ದರೆ ಅದು 160 ಪಿಕ್ಸೆಲ್. ಸರಿತವು 1000ದ ಬದಲು 840 ಅಥವಾ 1160ರ ಸುತ್ತ ಬಂದರೆ ಈ ಜಾರುವಿಕೆಯನ್ನು ಶಂಕಿಸಬೇಕು.

ಇಲ್ಲಿ ಅಂಚು ಒಡೆಯುವುದಿಲ್ಲ, ಗೆರೆ ಎರಡಾಗುವುದಿಲ್ಲ. ಚಿತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಹದಿನೇಳು ಆಕೃತಿಗಳಿದ್ದ ಕಡೆ ಹದಿನಾರು ಉಳಿದಿರುತ್ತವೆ. ಮುಂದೆ ಆ ಚಿತ್ರವನ್ನು ನೋಡಿ ಎಣಿಸುವ ಸಂಶೋಧಕನಿಗೆ ತಪ್ಪು ತಿಳಿಯುವ ದಾರಿಯೇ ಇರುವುದಿಲ್ಲ. ಇದಕ್ಕೆ ಸರಳವಾದ ಪರಿಹಾರವೆಂದರೆ ಚಿತ್ತಾರವನ್ನು ಮುಟ್ಟದಂತೆ ಗೋಡೆಯ ಬುಡಕ್ಕೆ ಒತ್ತಿ ಒಂದು ಅಳತೆಪಟ್ಟಿಯನ್ನು ಉದ್ದಕ್ಕೂ ಹಾಸುವುದು. ಅದರ ಅಂಕಿಗಳು ಎಲ್ಲಿಯೂ ಪುನರಾವರ್ತನೆಯಾಗವು. ಹೊಲಿದ ಚಿತ್ರದಲ್ಲಿ ಪಟ್ಟಿಯ ಅಂಕಿಗಳನ್ನು ಒಮ್ಮೆ ಓದುತ್ತ ಹೋದರೆ ಕಳೆದುಹೋದ 8 ಸೆಂಟಿಮೀಟರ್ ಎದ್ದು ಕಾಣುತ್ತದೆ. ಪಟ್ಟಿಯ ಒಂದು ಮೀಟರ್ ಎಡತುದಿ, ನಡು, ಬಲತುದಿಗಳಲ್ಲಿ 2000 ಪಿಕ್ಸೆಲ್ ಆಸುಪಾಸಿನಲ್ಲೇ ಇದ್ದರೆ ತುದಿಗಳು ಹಿಗ್ಗಿಲ್ಲವೆಂಬುದಕ್ಕೂ ಅದೇ ಪ್ರಮಾಣವಾಗುತ್ತದೆ.

5. ದೋಷಗಳ ಲಕ್ಷಣ

ದೋಷದ ಕಾರಣವನ್ನು ಅದರ ಲಕ್ಷಣದಿಂದಲೇ ಬಹುಮಟ್ಟಿಗೆ ಊಹಿಸಬಹುದು. ಗೆರೆಗಳು ಅಖಂಡವಾಗಿದ್ದು ಬಣ್ಣ ಮಾತ್ರ ಒಂದು ಅಂಚಿನಲ್ಲಿ ಹಠಾತ್ತನೆ ಬದಲಾದರೆ ಅದು ಬೆಳಕಿನ ದೋಷ. ಅಂಗಳದ ಬೆಳಕು ಬೀಳುವ ತುದಿಗೂ ಬಾಗಿಲ ಬಳಿಯ ಕತ್ತಲಿಗೂ ಕ್ಯಾಮೆರಾ ತಾನಾಗಿ ಬೆಳಕಿನ ಪ್ರಮಾಣ ಬದಲಿಸಿದ್ದರಿಂದ ಬಂದದ್ದು. ಮೊದಲ ಚಿತ್ರದ ಅಳತೆಯನ್ನೇ ಕೊನೆಯವರೆಗೂ ಸ್ಥಿರವಾಗಿಟ್ಟರೆ ತಪ್ಪುತ್ತದೆ. ಗೆರೆಗಳು ತುಂಡಾದರೆ ಅಥವಾ ಎರಡಾದರೆ ಅದು ಪ್ಯಾರಲಾಕ್ಸ್. ಒಂದೊಂದು ಬಿಡಿ ಚಿತ್ರದಲ್ಲೂ ಅಂಚಿನ ಗೆರೆಗಳು ಬಾಗಿದ್ದರೆ ಅದು ಮಸೂರದ ದೋಷ. ಚದುರಂಗದ ಮಣೆಯಂತಹ ಚೌಕಳಿಯನ್ನು ಹಲವು ಕೋನಗಳಿಂದ ಚಿತ್ರಿಸಿ, `calibrateCamera` ಮತ್ತು `undistort` ಬಳಸಿ ಹೊಲಿಗೆಗೆ ಮುನ್ನವೇ ತಿದ್ದಬೇಕು. ಬಿಡಿ ಚಿತ್ರದಲ್ಲಿ ನೇರವಾಗಿದ್ದು ಹೊಲಿದ ಮೇಲೆ ಬಾಗಿದ್ದರೆ ತಪ್ಪು ವಿಧಾನದ ಆಯ್ಕೆಯಲ್ಲಿದೆ.

`Stitcher` ತನ್ನ ಕೊನೆಯ ಹಂತದಲ್ಲಿ ವ್ಯತ್ಯಾಸ ಕಡಿಮೆಯಿರುವ ದಾರಿಯನ್ನು ಹುಡುಕಿ ಅಲ್ಲಿ ಅಂಚನ್ನು ಕೂರಿಸುತ್ತದೆ, ಬಣ್ಣಗಳನ್ನು ಬೆರೆಸಿ ಅದನ್ನು ಮರೆಮಾಡುತ್ತದೆ. ಪ್ರವಾಸದ ಚಿತ್ರಕ್ಕೆ ಇದು ಗುಣ. ದಾಖಲೆಗೆ ಇದೇ ತೊಡಕು. ಹೊಂದಿಕೆ ತಪ್ಪಿದ್ದರೂ ಅಂಚು ಕೆಮ್ಮಣ್ಣಿನ ಖಾಲಿ ಜಾಗದಲ್ಲಿ ಹಾದುಹೋದರೆ ತಪ್ಪು ಕಾಣದೆ ಉಳಿಯುತ್ತದೆ. ಆದುದರಿಂದ ಬೆರೆಸದೆ ಜೋಡಿಸಿದ ಪ್ರತಿಯೊಂದನ್ನು ಮೊದಲು ತಯಾರಿಸಿ ಪರೀಕ್ಷಿಸುವುದು ಅಗತ್ಯ. ಗ್ರಂಥಾಲಯಕ್ಕೆ ಒಪ್ಪಿಸುವಾಗ ಹೊಲಿದ ಚಿತ್ರದೊಂದಿಗೆ ಒಂಬತ್ತು ಮೂಲ ಚಿತ್ರಗಳನ್ನೂ, ಬೆರೆಸದ ಪ್ರತಿಯನ್ನೂ, ಅಂಚುಗಳು ಎಲ್ಲೆಲ್ಲಿ ಬಿದ್ದಿವೆ ಎಂಬ ಟಿಪ್ಪಣಿಯನ್ನೂ ಸೇರಿಸಬೇಕು. ಗೆರೆಗಳನ್ನು ಎಣಿಸಬೇಕಾದಾಗ ಮೂಲ ಚಿತ್ರಗಳಲ್ಲೇ ಎಣಿಸತಕ್ಕದ್ದು. ಹೊಲಿದ ಚಿತ್ರವು ಗೋಡೆಯ ಒಟ್ಟು ವಿನ್ಯಾಸವನ್ನು ತೋರಿಸಬಲ್ಲದು. ಗೆರೆಗೆ ಸಾಕ್ಷಿಯಾಗುವುದು ಮೂಲ ಚಿತ್ರಗಳೇ.